ಶೆಲ್ಫ್ ಸರಿಸುವ ಮುನ್ನ ಬಿಲ್ ಎಣಿಸಿ

ಯಾವ ಸಾಮಾನಿನ ಜೊತೆ ಯಾವುದು ಮಾರಾಟವಾಗುತ್ತದೆ ಎಂದು ಬಿಲ್‌ಗಳಿಂದ ಹೆಕ್ಕಿ ತೆಗೆಯುವುದೇ ಮಾರ್ಕೆಟ್ ಬಾಸ್ಕೆಟ್ ಅನಾಲಿಸಿಸ್. ಸೂಪರ್‌ಮಾರ್ಕೆಟ್ಟಿನ ಶೆಲ್ಫ್ ಜೋಡಿಸಲು ಇದು ಎಷ್ಟು ನಂಬಿಕೆಗೆ ಅರ್ಹ? R ಭಾಷೆಯ arules ಪ್ಯಾಕೇಜಿನ ಜೊತೆ ಬರುವ Groceries ದತ್ತಾಂಶವನ್ನೇ ನೋಡೋಣ. ಒಂದು ಕಿರಾಣಿ ಅಂಗಡಿಯ ಒಂದು ತಿಂಗಳ 9,835 ಬಿಲ್‌ಗಳು ಅದರಲ್ಲಿವೆ.

ಸೋಡಾ ಇರುವ ಬಿಲ್ 1,715. ಅವುಗಳಲ್ಲಿ 394ರಲ್ಲಿ ಹಾಲೂ ಇದೆ. ಎರಡೂ ಇರುವ ಬಿಲ್‌ಗಳು ಒಟ್ಟಿನಲ್ಲಿ ಶೇ. 4, ಇದು ಸಪೋರ್ಟ್. ಸೋಡಾ ಕೊಂಡವರಲ್ಲಿ ಶೇ. 23 ಮಂದಿ ಹಾಲನ್ನೂ ಕೊಂಡಿದ್ದಾರೆ, ಇದು ಕಾನ್ಫಿಡೆನ್ಸ್. ನಾಲ್ವರಲ್ಲಿ ಹತ್ತಿರಹತ್ತಿರ ಒಬ್ಬರು ಎಂದಾಗ ಜೋಡಿ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಒಟ್ಟು ಬಿಲ್‌ಗಳಲ್ಲೇ ಹಾಲಿನ ಪಾಲು ಶೇ. 25.6. ಎಂದರೆ ಸೋಡಾ ಕೊಂಡವರು ಹಾಲು ಕೊಳ್ಳುವುದು ಉಳಿದವರಿಗಿಂತ ಕಡಿಮೆಯೇ. 23ನ್ನು 25.6ರಿಂದ ಭಾಗಿಸಿದರೆ ಸಿಗುವ 0.9 ಎಂಬ ಲಿಫ್ಟ್ ಈ ಮೋಸವನ್ನು ಬಯಲು ಮಾಡುತ್ತದೆ. ಒಂದಕ್ಕಿಂತ ಹೆಚ್ಚಿದ್ದರೆ ಮಾತ್ರ ಒಟ್ಟಿಗೆ ಕೊಳ್ಳುವ ನಂಟು ಉಂಟು. ಮೊಸರು-ಹಾಲಿನ ಲಿಫ್ಟ್ 1.57. ಇಷ್ಟರ ಮಟ್ಟಿಗೆ ಲಿಫ್ಟ್‌ನ ಉಪಕಾರ ದೊಡ್ಡದು.

ಆದರೆ ಲಿಫ್ಟ್ ಕೂಡ ಮೋಸ ಮಾಡಬಲ್ಲದು. ಇದೇ ದತ್ತಾಂಶದಲ್ಲಿ ಮದ್ಯ ಮತ್ತು ಕೆಂಪು ವೈನ್ ಒಟ್ಟಿಗೆ ಕೊಂಡವರು ಬಾಟಲಿ ಬಿಯರನ್ನೂ ಕೊಂಡ ನಿಯಮದ ಲಿಫ್ಟ್ 11! ಹಿಂದೆ ಎಷ್ಟು ಬಿಲ್ ಇವೆ ಎಂದು ಕೇಳಿದರೆ ಇಪ್ಪತ್ತೊಂದು, ಅದರಲ್ಲಿ ಬಿಯರ್ ಇದ್ದದ್ದು ಹತ್ತೊಂಬತ್ತರಲ್ಲಿ. ದಿನಕ್ಕೆ ಒಬ್ಬ ಗಿರಾಕಿಯೂ ಇಲ್ಲ. ಇಲ್ಲಿರುವ 169 ಬಗೆಯ ಸಾಮಾನುಗಳಿಂದ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜೋಡಿಗಳಾಗುತ್ತವೆ. ಅಷ್ಟನ್ನು ತಡಕಿದಾಗ ಕೆಲವು ಆಕಸ್ಮಿಕವಾಗಿಯೇ ಹೊಳೆಯುತ್ತವೆ. ಕನಿಷ್ಠ ಸಪೋರ್ಟ್ ಎಂಬ ಜರಡಿ ಇರುವುದು ಅದಕ್ಕೇ. ಅದರ ಕಣ್ಣು ಎಷ್ಟಿರಬೇಕೆಂದು ಗೊತ್ತುಮಾಡುವವರು ಮಾತ್ರ ನಾವೇ.

ಈ ಪದ್ಧತಿಯ ಬಗ್ಗೆ ನನ್ನ ಮುಖ್ಯ ತಕರಾರು ಬೇರೆ. ಬಿಲ್‌ಗಳು ಹುಟ್ಟಿದ್ದು ಈಗಿರುವ ಜೋಡಣೆಯಲ್ಲಿ. ಮೊಸರು, ಹಾಲು ಒಂದೇ ಫ್ರಿಜ್‌ನಲ್ಲಿದ್ದರೆ ಆ 1.57ರಲ್ಲಿ ಗಿರಾಕಿಯ ಬಯಕೆ ಎಷ್ಟು, ಫ್ರಿಜ್‌ನ ಪಾಲು ಎಷ್ಟು? ಲಿಫ್ಟ್‌ಗೆ ಅದು ಗೊತ್ತಿಲ್ಲ. ಜೋಡಿಯನ್ನು ಹತ್ತಿರ ಇಡಬೇಕೋ, ಗಿರಾಕಿ ಅಂಗಡಿಯೆಲ್ಲ ಸುತ್ತಲಿ ಎಂದು ದೂರ ಇಡಬೇಕೋ ಎಂಬುದನ್ನೂ ಅದು ಹೇಳುವುದಿಲ್ಲ; ಒಂದೇ ಅಂಕಿಯಿಂದ ಎರಡೂ ವಾದ ಹೂಡಬಹುದು.

ಉತ್ತರ ಸಿಗುವುದು ಪ್ರಯೋಗದಿಂದ. ಕೆಲವು ಶಾಖೆಗಳಲ್ಲಿ ಶೆಲ್ಫ್ ಸರಿಸಿ, ಅಂಥವೇ ಬೇರೆ ಶಾಖೆಗಳನ್ನು ಹಾಗೇ ಬಿಟ್ಟು, ಕೆಲವು ವಾರಗಳ ಒಟ್ಟು ಮಾರಾಟ ಹೋಲಿಸಬೇಕು. ಜಾಗ ಕಳೆದುಕೊಂಡ ಸಾಮಾನಿನ ನಷ್ಟವೂ ಲೆಕ್ಕಕ್ಕೆ ಬರಬೇಕು. ಲಿಫ್ಟ್ ಪಟ್ಟಿ ಆ ಪ್ರಯೋಗಕ್ಕೆ ಜೋಡಿಗಳನ್ನು ಆರಿಸಿಕೊಡಲಿ, ಅಷ್ಟು ಸಾಕು. ಯಾರಾದರೂ ಬರೀ ಲಿಫ್ಟ್ ಮುಂದಿಟ್ಟು ಅಂಗಡಿ ಬದಲಿಸಿ ಎಂದರೆ, ಅದು ಎಷ್ಟು ಬಿಲ್‌ಗಳಿಂದ ಬಂದದ್ದು ಎಂದು ಮೊದಲು ಕೇಳಿ.