ಬೆಂಕಿಯ ಮುಂದೆ ಅಪ್ಪಣೆ ಯಾರದ್ದು?

1970ರಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿಗೆ ಹತ್ತಾರು ಇಲಾಖೆಗಳು ಒಟ್ಟಿಗೆ ಓಡಿಬಂದವು. ಆದರೆ ಯಾರು ಯಾರ ಮಾತು ಕೇಳಬೇಕೆಂಬುದೇ ತೀರ್ಮಾನವಾಗಿರಲಿಲ್ಲ. ಆ ಗೊಂದಲದಿಂದ ಹುಟ್ಟಿದ ವ್ಯವಸ್ಥೆಯನ್ನೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ‘ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್’ ಎಂಬ ಮಾರ್ಗಸೂಚಿಯಾಗಿ ನಮಗೆ ಒಗ್ಗಿಸಿತು. ಅದರ ಪ್ರಕಾರ ತಾಲ್ಲೂಕಿನಲ್ಲಿ ಕಮಾಂಡರ್ ತಹಶೀಲ್ದಾರರು. ಬೆಂಕಿಯಾದರೆ ಕಾರ್ಯಾಚರಣೆ ವಿಭಾಗ ಅಗ್ನಿಶಾಮಕ ಅಧಿಕಾರಿಯದ್ದು.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಶೇಂಗಾ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಹೆಕ್ಸೇನ್ ಬಳಸಿ ತೆಗೆಯುವ ಘಟಕವೊಂದಕ್ಕೆ ಬೆಂಕಿ ಬಿತ್ತೆನ್ನಿ. ಹೆಕ್ಸೇನ್ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಚರಂಡಿಗೆ ಇಳಿಯುತ್ತದೆ, ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ಪೈಪು ಹಿಡಿದವನ ಕಣ್ಣು ಜ್ವಾಲೆಯ ಮೇಲಿರುತ್ತದೆ, ಚರಂಡಿಯ ಮೇಲಲ್ಲ. ಕಾದ ಕಬ್ಬಿಣದ ತೊಲೆ ಬಾಗುತ್ತಿರುವುದೂ ಅವನಿಗೆ ಕಾಣದು. ಅದನ್ನು ನೋಡಲೆಂದೇ ಸುರಕ್ಷತಾ ಅಧಿಕಾರಿ. ಆತ ಕಾರ್ಯಾಚರಣೆಯ ಮುಖ್ಯಸ್ಥನ ಕೈಕೆಳಗಿನವನಲ್ಲ, ನೇರ ಕಮಾಂಡರ್‌ಗೆ ಉತ್ತರ ಕೊಡುವವನು. ಜೀವಕ್ಕೆ ಅಪಾಯ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿದೆ. ಇಡೀ ಮಾರ್ಗಸೂಚಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಏರ್ಪಾಡು ಇದು. ಆದರೆ ಒಂದೇ ವಾಹನದ ಸಿಬ್ಬಂದಿ ಮೊದಲು ತಲುಪಿದಾಗ ನೀರು ಹಾಯಿಸುವುದನ್ನು ಬಿಟ್ಟು ಸುಮ್ಮನೆ ನೋಡುತ್ತ ನಿಲ್ಲಲು ಯಾರನ್ನು ಬಿಡುವುದು? ಕೈ ಸಾಲದಾದಾಗ ಮೊದಲು ಖಾಲಿ ಬೀಳುವುದು ಈ ಸ್ಥಾನವೇ.

ಇನ್ನು ನೀರಿನ ಲೆಕ್ಕ. 4,500 ಲೀಟರ್ ಟ್ಯಾಂಕಿನಿಂದ ನಿಮಿಷಕ್ಕೆ 450 ಲೀಟರಿನಂತೆ ಎರಡು ಪೈಪು ಬಿಟ್ಟರೆ ಐದೇ ನಿಮಿಷಕ್ಕೆ ಮುಗಿಯಿತು. ಮುಂದಿನದೆಲ್ಲ ಹೊರಗಿನಿಂದ ಬರಬೇಕು: ಚಿತ್ರದುರ್ಗದಿಂದ, ಹಿರಿಯೂರಿನಿಂದ, ಮೊಳಕಾಲ್ಮುರು ಕಡೆಯಿಂದ. ಜೊತೆಗೆ ಟ್ರಾಕ್ಟರ್ ಟ್ಯಾಂಕರ್ ತಂದ ಊರವರು. ಎಲ್ಲರೂ ಗೇಟಿಗೇ ನುಗ್ಗಿದರೆ ಖಾಲಿ ವಾಹನ ಹೊರಬರಲಾರದು, ತುಂಬಿದ್ದು ಒಳಹೋಗಲಾರದು. ಇದನ್ನು ತಪ್ಪಿಸಲೆಂದೇ ಸ್ಟೇಜಿಂಗ್ ಏರಿಯಾ: ಬೆಂಕಿಯಿಂದ ಗಾಳಿ ಬೀಸಿ ಬರುವ ದಿಕ್ಕಿನಲ್ಲಿ, ಹೋಗಲು ಬರಲು ಬೇರೆ ಬೇರೆ ದಾರಿಯಿರುವ ಬಯಲು. ಬಂದವರು ಅಲ್ಲಿ ಹೆಸರು ಬರೆಸಿ ಕಾಯಬೇಕು, ಕರೆದಾಗ ಹೊರಡಬೇಕು. ಖರ್ಚಿಲ್ಲದ ಈ ವ್ಯವಸ್ಥೆಯನ್ನೇ ನಾವು ಹೆಚ್ಚು ಕಡೆಗಣಿಸುವುದು. ಬೆಂಕಿ ಕಾಣುತ್ತಿರುವಾಗ ಬಯಲಲ್ಲಿ ನಿಲ್ಲಿ ಎಂದರೆ ಯಾರಿಗೂ ಸಹನೆಯಿಲ್ಲ.

ಮಾರ್ಗಸೂಚಿಯ ದೌರ್ಬಲ್ಯ ಮೊದಲ ಗಂಟೆಯದ್ದು. ತಹಶೀಲ್ದಾರರು ತಲುಪುವ ಹೊತ್ತಿಗೆ ಅಗ್ನಿಶಾಮಕ ಠಾಣಾಧಿಕಾರಿ ಹತ್ತಾರು ತೀರ್ಮಾನ ತೆಗೆದುಕೊಂಡಿರುತ್ತಾರೆ. ಆಗ ಅಧಿಕಾರ ಹಸ್ತಾಂತರವಾಗುವುದು ಕುರ್ಚಿಯ ಎತ್ತರದಿಂದಲ್ಲ, ಮುಖಾಮುಖಿ ವರದಿಯಿಂದ: ಒಳಗೆ ಯಾರಿದ್ದಾರೆ, ಹೆಕ್ಸೇನ್ ಟ್ಯಾಂಕ್ ಎಲ್ಲಿದೆ, ಯಾವ ಗೋಡೆಯ ಹತ್ತಿರ ಹೋಗಬಾರದು. ಅದಾದ ಮೇಲೆ ತಹಶೀಲ್ದಾರರು ಪೈಪಿನ ವಿಚಾರಕ್ಕೆ ಕೈಹಾಕದೆ ಬೆಸ್ಕಾಂಗೆ ಕರೆಂಟ್ ತೆಗೆಸಲು, ಪೊಲೀಸರಿಗೆ ಬಳ್ಳಾರಿ ರಸ್ತೆ ತಡೆಯಲು, ನಗರಸಭೆಗೆ ಬೋರ್‌ವೆಲ್ ಮೋಟರ್ ಓಡಿಸಲು ಹೇಳಬೇಕು. ಈ ಮೂರನ್ನೂ ಒಂದೇ ಫೋನಿನಲ್ಲಿ ಮಾಡಿಸುವ ಅಧಿಕಾರ ಠಾಣಾಧಿಕಾರಿಗಿಲ್ಲ.