ಮೀಟರ್ ದಂಡವೂ ದೇವರ ಒಳ್ಳೆಯತನವೂ

ದೇವರು ವಿಧಿಸಿದ್ದರಿಂದಲೇ ಒಳಿತು ಒಳಿತಾಯಿತು ಎಂದರೆ, ನಾಳೆ ಅವನು ಕ್ರೌರ್ಯವನ್ನು ವಿಧಿಸಿದರೆ ಅದೂ ಒಳಿತಾಗಬೇಕು. ಒಳಿತಾದ್ದರಿಂದ ವಿಧಿಸಿದ ಎಂದರೆ, ಒಳಿತಿಗೆ ಅವನ ಅಪ್ಪಣೆಯ ಹಂಗಿಲ್ಲ. ಪ್ಲೇಟೊನ ‘ಯೂಥಿಫ್ರೊ’ದಿಂದ ಬಂದ ಈ ಇಕ್ಕಟ್ಟಿನಿಂದ ದೈವಾಜ್ಞಾವಾದವನ್ನು ಪಾರುಮಾಡಿದ ಕೀರ್ತಿ ವಿಲಿಯಂ ಆಲ್‌ಸ್ಟನ್ ಅವರ 1990ರ ಪ್ರಬಂಧಕ್ಕೆ ಸಂದಿದೆ. ಅದು ಅರ್ಹತೆಗೆ ಮೀರಿದ ಕೀರ್ತಿ.

ಆಲ್‌ಸ್ಟನ್ ಪ್ರಕಾರ ಕರ್ತವ್ಯ ಹುಟ್ಟುವುದು ದೇವರ ಆಜ್ಞೆಯಿಂದ, ಒಳಿತಿಗೆ ಆಧಾರ ದೇವರೇ. ಪ್ರೇಮಮಯನಾದವನು ಕ್ರೌರ್ಯವನ್ನು ವಿಧಿಸಲಾರ. ಹಾಗಾದರೆ ಪ್ರೇಮವೇಕೆ ಒಳ್ಳೆಯದು? ಇಲ್ಲಿ ಅವರು ಪ್ಯಾರಿಸ್ ಬಳಿ ಕಾಪಿಟ್ಟ ಮೀಟರ್ ದಂಡವನ್ನು ತರುತ್ತಾರೆ. ಒಂದು ಉದ್ದ ಮೀಟರ್ ಆಗುವುದು ಆ ದಂಡಕ್ಕೆ ಸರಿಹೊಂದುವುದರಿಂದ. ಹಾಗೆಯೇ ಪ್ರೇಮ ಒಳ್ಳೆಯದಾಗುವುದು ದೇವರು ಪ್ರೇಮಮಯನಾಗಿರುವುದರಿಂದ. ವಿವರಣೆ ಎಲ್ಲಾದರೂ ನಿಲ್ಲಲೇಬೇಕು, ಅದು ತತ್ತ್ವದ ಬದಲು ವ್ಯಕ್ತಿಯಲ್ಲಿ ನಿಂತರೆ ತಪ್ಪೇನು ಎಂಬುದು ಅವರ ವಾದ.

ಪ್ಲೇಟೊನನ್ನು ಉದ್ಧರಿಸಿ ಕೈತೊಳೆದುಕೊಳ್ಳುವ ನಾಸ್ತಿಕ ವಿಮರ್ಶಕರು ಈ ವಾದವನ್ನು ಎದುರಿಸುವುದೇ ಇಲ್ಲ. ಪ್ರಶ್ನೆ ಒಂದು ಹೆಜ್ಜೆ ಹಿಂದೆ ಸರಿಯಿತಷ್ಟೇ ಎನ್ನುತ್ತಾರೆ. ‘ನೋವು ಕೆಟ್ಟದ್ದು’ ಎಂಬಲ್ಲಿಗೆ ನಿಲ್ಲುವ ಅವರ ವಿವರಣೆಯನ್ನೂ ಹಾಗೆಯೇ ಹಿಂದಕ್ಕೆ ತಳ್ಳಬಹುದಲ್ಲ! ನಿಲ್ಲುವುದರಲ್ಲಿ ದೋಷವಿಲ್ಲ. ದೋಷವಿರುವುದು ದಂಡದಲ್ಲಿ.

ಆ ಪ್ಲಾಟಿನಂ-ಇರಿಡಿಯಂ ದಂಡಕ್ಕೆ ತೂಕವಿತ್ತು, ಹೊಳಪಿತ್ತು. ಲೆಕ್ಕಕ್ಕೆ ಬಂದದ್ದು ಮಾತ್ರ ಅದರ ಮೇಲಿನ ಎರಡು ಗೆರೆಗಳ ನಡುವಿನ ಅಂತರ, ಅದೂ ಮಂಜುಗಡ್ಡೆ ಕರಗುವ ಉಷ್ಣತೆಯಲ್ಲಿ. ಬಿಸಿಗೆ ಲೋಹ ಹಿಗ್ಗುತ್ತದೆಂದು ಗೊತ್ತಿದ್ದರಿಂದಲೇ ಈ ಷರತ್ತು. ಅಂದರೆ ಉದ್ದವೆಂದರೇನೆಂಬುದು ದಂಡಕ್ಕಿಂತ ಮೊದಲೇ ತಿಳಿದಿತ್ತು. ದಂಡ ಕೊಟ್ಟದ್ದು ಒಂದು ಮಾನವನ್ನು ಮಾತ್ರ. 1960ರಲ್ಲಿ ಅದನ್ನು ಕೈಬಿಟ್ಟಾಗ ಉದ್ದವೇನೂ ಅಳಿಯಲಿಲ್ಲ. ದೇವರ ವಿಷಯದಲ್ಲೂ ಇದೇ ತೊಡಕು. ಅವನು ಪ್ರೇಮಮಯ, ಸರ್ವಶಕ್ತ, ಅಶರೀರಿ. ದಯಾಳುವಾದ ದಾದಿ ಅವನನ್ನು ಹೋಲುತ್ತಾಳೆ, ಅಪಾರ ಬಲವುಳ್ಳ ನಿರಂಕುಶ ದೊರೆಯೂ ಹೋಲುತ್ತಾನೆ. ಮೊದಲ ಹೋಲಿಕೆ ಮಾತ್ರ ಒಳಿತೆಂದು ಆರಿಸಿಕೊಡುವುದು ಯಾವುದು? ದೇವರನ್ನೇ ತೋರಿಸಿದರೆ ಸಾಲದು, ಏಕೆಂದರೆ ಎರಡು ಗುಣಗಳೂ ಅವನಲ್ಲಿವೆ.

ಇದನ್ನು ಚೆನ್ನಾಗಿ ಕಂಡವರು ರಾಬರ್ಟ್ ಆಡಮ್ಸ್. 1999ರ ತಮ್ಮ ಗ್ರಂಥದಲ್ಲಿ ಅವರು, ದೇವರು ಒಂದು ವಸ್ತುವನ್ನು ಪ್ರೀತಿಸಲು ಕಾರಣವಾಗಬಲ್ಲ ಹೋಲಿಕೆಯಷ್ಟೇ ಶ್ರೇಷ್ಠತೆ ಎಂದು ತಿದ್ದುತ್ತಾರೆ. ಪ್ರಾಮಾಣಿಕ ತಿದ್ದುಪಡಿ. ಆದರೆ ಪ್ರೀತಿಸಲು ತಕ್ಕ ಕಾರಣ ಆ ಹೋಲಿಕೆಯಲ್ಲೇ ಇದ್ದರೆ, ಅದನ್ನು ತಕ್ಕದ್ದಾಗಿಸಿದ್ದು ದೇವರ ಪ್ರೀತಿಯಲ್ಲ. ತಕ್ಕ ಕಾರಣವೇ ಬೇಡ, ಅವನು ಒಲಿದದ್ದೇ ಸಾಕು ಎಂದರೆ, ಮತ್ತೆ ಅವನ ಮರ್ಜಿಯೇ ಉಳಿಯುತ್ತದೆ.

ಕರ್ತವ್ಯದ ಭಾಗವನ್ನು ನಾನು ಅಲ್ಲಗಳೆಯುವುದಿಲ್ಲ. ಸಬ್ಬತ್ ದಿನದ ದುಡಿಮೆ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಆಜ್ಞೆ ಬಂದದ್ದರಿಂದಲೇ ಅದು ಭಕ್ತನಿಗೆ ನಿಷಿದ್ಧವಾಯಿತು. ಅಲ್ಲಿ ಆಜ್ಞೆ ನಿಜವಾಗಿ ಕೆಲಸ ಮಾಡುತ್ತದೆ. ಮಗುವನ್ನು ಹಿಂಸಿಸುವುದು ಕೆಟ್ಟದ್ದಾಗಲು ಅಂಥ ಆಜ್ಞೆ ಬೇಕೆಂದು ಆಲ್‌ಸ್ಟನ್ ಕೂಡ ಹೇಳಲಿಲ್ಲ.