ಅಣು ದೊಡ್ಡದಾದರೆ ಆಮ್ಲ ಸೌಮ್ಯವೇ?

ಸೂಕ್ಷ್ಮ ಚರ್ಮದವರು ಗ್ಲೈಕಾಲಿಕ್ ಆಮ್ಲದ ಹತ್ತಿರ ಹೋಗಬಾರದು, ಮ್ಯಾಂಡೆಲಿಕ್ ಹಚ್ಚಬೇಕು, ಅದೂ ಉರಿದರೆ ಪಾಲಿಹೈಡ್ರಾಕ್ಸಿ ಆಮ್ಲ ಹಿಡಿಯಬೇಕು ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತದೆ. ಅದಕ್ಕೆ ಕೊಡುವ ಕಾರಣ ಅಣುವಿನ ಗಾತ್ರ. ಗ್ಲೈಕಾಲಿಕ್‌ನ ಅಣುತೂಕ 76, ಮ್ಯಾಂಡೆಲಿಕ್‌ನದು 152, ಪಾಲಿಹೈಡ್ರಾಕ್ಸಿ ಗುಂಪಿನ ಗ್ಲುಕೋನೋಲ್ಯಾಕ್ಟೋನ್‌ನದು 178. ದೊಡ್ಡ ಅಣು ನಿಧಾನವಾಗಿ ಚರ್ಮಕ್ಕಿಳಿಯುತ್ತದೆ, ಹಾಗಾಗಿ ಉರಿ ಕಡಿಮೆ ಎನ್ನುತ್ತಾರೆ. ಇದು ಸುಳ್ಳಲ್ಲ, ಆದರೆ ಇಷ್ಟನ್ನೇ ನಂಬಿ ಬಾಟಲಿ ಕೊಳ್ಳುವುದು ತಪ್ಪು.

ಸೀರಮ್‌ನಲ್ಲಿರುವ ಆಮ್ಲವೆಲ್ಲ ಕೆಲಸ ಮಾಡುವುದಿಲ್ಲ. ಪಿಎಚ್ ಏರಿದಂತೆ ಅದರ ಒಂದು ಪಾಲು ಲವಣರೂಪಕ್ಕೆ ತಿರುಗಿ, ಚರ್ಮದ ಜಿಡ್ಡಿನ ಪದರವನ್ನು ಅಷ್ಟಾಗಿ ದಾಟಲಾರದೆ ಉಳಿಯುತ್ತದೆ. ಹೊಟ್ಟು ಸಡಿಲಿಸುವುದೂ ಉರಿಸುವುದೂ ಬಹುಮಟ್ಟಿಗೆ ಉಳಿದ ಮುಕ್ತ ಆಮ್ಲವೇ. ಲೆಕ್ಕ ಹಾಕಿ ನೋಡೋಣ. ಶೇ. 10ರ ಮ್ಯಾಂಡೆಲಿಕ್ ಸೀರಮ್‌ನ ಪಿಎಚ್ 3.5 ಇದ್ದರೆ ನೂರು ಗ್ರಾಮಿನಲ್ಲಿ ಸುಮಾರು 4.5 ಗ್ರಾಂ ಮುಕ್ತವಾಗಿರುತ್ತದೆ. ಅಣುತೂಕದಿಂದ ಭಾಗಿಸಿದರೆ ಸುಮಾರು 0.03 ಮೋಲ್. ಶೇ. 5ರ ಗ್ಲೈಕಾಲಿಕ್ ಸೀರಮ್‌ನ ಪಿಎಚ್ 4 ಇದ್ದರೆ ಮುಕ್ತ ಆಮ್ಲ ಸುಮಾರು 2 ಗ್ರಾಂ, ಅಂದರೆ ಅದೂ 0.03 ಮೋಲ್‌ಗೆ ಹತ್ತಿರ. ಒಂದು ಸೌಮ್ಯವೆಂದೂ ಇನ್ನೊಂದು ಒರಟೆಂದೂ ಹೆಸರಾದ ಎರಡು ಬಾಟಲಿಗಳಲ್ಲಿ ಮುಕ್ತ ಅಣುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ! ಶೇ. 10ಕ್ಕೆ ಶೇ. 10 ಇಟ್ಟು ತೂಗಿದಾಗ ಮ್ಯಾಂಡೆಲಿಕ್ ಸೌಮ್ಯವಾಗಿ ಕಾಣುವುದಕ್ಕೆ, ಅದೇ ತೂಕದಲ್ಲಿ ಅದರ ಅಣುಗಳು ಅರ್ಧದಷ್ಟೇ ಇರುವುದೂ ಒಂದು ಕಾರಣ. ಜೊತೆಗೆ ಮ್ಯಾಂಡೆಲಿಕ್‌ನಲ್ಲಿ ಬೆಂಜೀನ್ ಉಂಗುರವಿದೆ. ಅದು ಜಿಡ್ಡಿಗೆ ಒಗ್ಗುವುದರಿಂದ ಗಾತ್ರವೊಂದನ್ನೇ ನೋಡಿ ಅದರ ನಡೆಯನ್ನು ಊಹಿಸಲಾಗದು.

ಗ್ಲುಕೋನೋಲ್ಯಾಕ್ಟೋನ್‌ನ ವಿಷಯದಲ್ಲಿ ನನ್ನ ತಕರಾರು ಕಡಿಮೆ. ಅದು ನೀರಿನಲ್ಲಿ ನಿಧಾನವಾಗಿ ಬಿಚ್ಚಿಕೊಂಡು ಗ್ಲುಕೋನಿಕ್ ಆಮ್ಲವಾಗುತ್ತದೆ, ಹಲವು ಹೈಡ್ರಾಕ್ಸಿಲ್ ಗುಂಪುಗಳಿಂದ ತೇವವನ್ನೂ ಹಿಡಿದಿಡುತ್ತದೆ. ಒಣಗಿ ಕೆಂಪಾಗುವ ಮುಖಕ್ಕೆ ಇದು ನಿಜವಾದ ಅನುಕೂಲ. ಆದರೆ ಹಳೆಯ ಕಲೆ, ದಪ್ಪ ಹೊಟ್ಟಿಗೆ ಗ್ಲೈಕಾಲಿಕ್‌ನಷ್ಟು ಬೇಗ ಫಲ ಕೊಡುತ್ತದೆಂದು ನಿರೀಕ್ಷಿಸಬಾರದು.

ನನ್ನನ್ನು ಹೆಚ್ಚು ಕಾಡುವುದು ಸೌಮ್ಯ ಎಂಬ ಹಣೆಪಟ್ಟಿ ಕೊಡುವ ಧೈರ್ಯ. ಅದನ್ನು ನಂಬಿದವರು ದಿನವೂ ಹಚ್ಚುತ್ತಾರೆ, ಮೇಲೆ ರೆಟಿನಾಲ್ ಸೇರಿಸುತ್ತಾರೆ. ನಮ್ಮ ಕಂದು ಚರ್ಮದಲ್ಲಿ ಕೆರಳಿಕೆ ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಎಂದಿನ ಸಾದಾ ಮಾಯಿಶ್ಚರೈಸರ್ ಕೂಡ ಉರಿಯತೊಡಗಿದರೆ, ಚರ್ಮ ಬಿಗಿದು ಹೊಳೆಯತೊಡಗಿದರೆ ಮೇಲ್ಪದರ ಸೋತಿದೆ ಎಂದೇ ಅರ್ಥ. ಆಗ ಮ್ಯಾಂಡೆಲಿಕ್ ಆಗಲಿ ಪಾಲಿಹೈಡ್ರಾಕ್ಸಿ ಆಗಲಿ, ಯಾವ ಆಮ್ಲವೂ ಬೇಡ. ಚರ್ಮ ಸುಧಾರಿಸಿದ ಮೇಲೆ ವಾರಕ್ಕೊಂದೆರಡು ರಾತ್ರಿ ಸಾಕು, ಹಗಲಲ್ಲಿ ಸನ್‌ಸ್ಕ್ರೀನ್ ಬೇಕು. ಪಿಎಚ್ ಎಷ್ಟೆಂದು ಹೇಳದ ಬಾಟಲಿಯ ಶೇಕಡಾವನ್ನು ಮಾತ್ರ ನೋಡಿ ನಾನಂತೂ ಕೊಳ್ಳುವುದಿಲ್ಲ.